ನಾರಿನ ಮ್ಯಾಟು ನಾರುವುದೇಕೆ?

ಸಾಗರದ ನಮ್ಮ ಮನೆಯ ಬಾಗಿಲಲ್ಲಿ ಒಂದು ತೆಂಗಿನ ನಾರಿನ ಮ್ಯಾಟು ಇದೆ. ಎರಡಡಿ ಉದ್ದ, ಒಂದೂಕಾಲು ಅಡಿ ಅಗಲ, ಕೆಳಗೆ ಕಪ್ಪು ಪ್ಲಾಸ್ಟಿಕ್ ತಳ. ಕಳೆದ ಜುಲೈನಲ್ಲಿ ಅದು ವಾಸನೆ ಹೊಡೆಯತೊಡಗಿತು. ನಾರಿನ ಮ್ಯಾಟು ನಾರದೆ ಇನ್ನೇನು ಮಾಡುತ್ತೆ ಅಂತ ಮನೆಯಲ್ಲಿ ತಮಾಷೆಯೂ ಆಯಿತು. ಆದರೆ ಬಂದವರು ಚಪ್ಪಲಿ ಬಿಡುವಾಗ ಮೂಗು ಮುಚ್ಚಿಕೊಳ್ಳುವ ಮಟ್ಟಕ್ಕೆ ಹೋದಾಗ ತಮಾಷೆ ನಿಂತಿತು.

ಅಮ್ಮ ಎರಡು ಸಲ ಸೋಪಿನ ಪುಡಿ ಹಾಕಿ ತಿಕ್ಕಿ ತೊಳೆದರು. ಮೊದಲ ಸಲ ನಾಲ್ಕು ದಿನ ಸುಮ್ಮನಿತ್ತು. ಎರಡನೇ ಸಲ ಎರಡೇ ದಿನಕ್ಕೆ ವಾಸನೆ ವಾಪಸ್ ಬಂತು. "ತೊಳೆದಷ್ಟೂ ಜಾಸ್ತಿ ಆಗ್ತಿದೆ ಕಣೋ, ಇದನ್ನ ಬಿಸಾಕಿ ಹೊಸದು ತಗೊಂಡು ಬಾ" ಅಂದರು. ಅವರು ಹೇಳಿದ್ದರಲ್ಲಿ ಮೊದಲರ್ಧ ಅಕ್ಷರಶಃ ನಿಜ ಅನ್ನುವುದು ನನಗೆ ಆಮೇಲೆ ಗೊತ್ತಾಯಿತು. ತೊಳೆದಿದ್ದಕ್ಕೇ ವಾಸನೆ ಜಾಸ್ತಿ ಆಗುತ್ತಿತ್ತು.

ತೆಂಗಿನ ನಾರು ಅಷ್ಟು ಸುಲಭಕ್ಕೆ ಕೊಳೆಯುವ ವಸ್ತು ಅಲ್ಲ. ಅದರಲ್ಲಿ ಹತ್ತಿರ ಹತ್ತಿರ ಶೇಕಡ 40ರಷ್ಟು ಲಿಗ್ನಿನ್ ಇರುತ್ತದೆ. ಮರವನ್ನು ಗಟ್ಟಿ ಮಾಡುವುದೂ ಇದೇ ವಸ್ತು. ತೆಂಗಿನ ಸಿಪ್ಪೆಯನ್ನು ತಿಂಗಳುಗಟ್ಟಲೆ ಹಿನ್ನೀರಿನಲ್ಲಿ ಕೊಳೆಹಾಕಿದಾಗಲೂ ಸುತ್ತಲಿನ ಮೆತ್ತನೆಯ ಭಾಗ ಕರಗಿ ಹೋಗುತ್ತದೆ, ನಾರು ಉಳಿದುಕೊಳ್ಳುತ್ತದೆ. ಹಾಗಿದ್ದ ಮೇಲೆ ಮ್ಯಾಟಿನಲ್ಲಿ ಕೊಳೆಯುತ್ತಿರುವುದು ಏನು? ನಾರಿನ ಬುಡದಲ್ಲಿ ಕೂತ ಮಣ್ಣು, ಕಾಲಿನ ಜಿಡ್ಡು, ನಾರಿನ ಜೊತೆ ಬಂದ ಸಿಪ್ಪೆಯ ಪುಡಿ, ಸರಿಯಾಗಿ ಹೋಗದೆ ಉಳಿದ ಸೋಪು. ಬೂಷ್ಟಿಗೆ ಇಷ್ಟು ಊಟ ಸಾಕು. ಅದಕ್ಕೆ ಬೇಕಾದ ಇನ್ನೊಂದೇ ಒಂದು ವಸ್ತು ನೀರು. ಆ ಮುಗ್ಗಲು ವಾಸನೆ ಬೂಷ್ಟು ಮತ್ತು ಬ್ಯಾಕ್ಟೀರಿಯಾ ಬೆಳೆಯುವಾಗ ಬಿಡುವ ಆವಿ. ಒಣಗಿಸಿದರೆ ಅವು ಸಾಯುವುದಿಲ್ಲ, ಸುಮ್ಮನೆ ಮಲಗುತ್ತವೆ. ಮತ್ತೆ ನೀರು ಸಿಕ್ಕ ದಿನ ಏಳುತ್ತವೆ.

ಹಾಗಾಗಿ ಹುಡುಕಬೇಕಾದ್ದು ಕೊಳೆಯನ್ನಲ್ಲ, ನೀರನ್ನು. ಅದು ಎಲ್ಲಿಂದ ಬರುತ್ತಿದೆ, ಎಲ್ಲಿ ನಿಲ್ಲುತ್ತಿದೆ, ಯಾಕೆ ಹೋಗುತ್ತಿಲ್ಲ. ಇದು ಗೊತ್ತಾಗುವ ತನಕ ಬಕೆಟ್ಟು ಮುಟ್ಟಬೇಡಿ.

ಮೊದಲು ಮಗುಚಿ ನೋಡಿ

ಅಂಗಡಿಯಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ. ಮಗುಚಿದಾಗ ವ್ಯತ್ಯಾಸ ಗೊತ್ತಾಗುವುದು.

ತಳದಲ್ಲಿ ಹಗ್ಗದ ನೇಯ್ಗೆ ಕಂಡರೆ ಅದು ಪೂರ್ತಿ ನಾರಿನದು, ಮಗ್ಗದಲ್ಲಿ ನೇಯ್ದದ್ದು. ನೀರು ಮೇಲಿಂದ ಕೆಳಕ್ಕೆ ಇಳಿದು ಹೋಗುತ್ತದೆ, ಗಾಳಿಯೂ ಎರಡೂ ಕಡೆಯಿಂದ ಆಡುತ್ತದೆ. ಒಣಗಿಸುವುದು ಸುಲಭ. ಆದರೆ ಇದು ನೆಲದ ತೇವವನ್ನೂ ಅಷ್ಟೇ ಸುಲಭವಾಗಿ ಹೀರಿಕೊಳ್ಳುತ್ತದೆ.

ತಳ ನಯವಾಗಿ, ಬಗ್ಗುವ ಪ್ಲಾಸ್ಟಿಕ್ ಹಾಳೆಯ ಹಾಗೆ ಇದ್ದರೆ ಅದು ಪಿವಿಸಿ ತಳ. ಈಗ ಹೆಚ್ಚಿನ ಮನೆಗಳಲ್ಲಿ ಇರುವುದು ಇದೇ. ಇದರಲ್ಲಿ ನಾರನ್ನು ನೇಯ್ದಿರುವುದಿಲ್ಲ. ಪಿವಿಸಿಯೊಳಗೆ ನಾರಿನ ಬುಡವನ್ನು ನೆಟ್ಟು, ಮೇಲ್ಗಡೆ ಸಮವಾಗಿ ಕತ್ತರಿಸಿರುತ್ತಾರೆ. ಅಂದರೆ ಪ್ರತಿ ಎಳೆಯೂ ಒಂದು ಮುಚ್ಚಿದ ತಟ್ಟೆಯ ಮೇಲೆ ನಿಂತಿದೆ. ಮೇಲಿಂದ ಬಿದ್ದ ನೀರು ಆ ತಟ್ಟೆಯಲ್ಲೇ ನಿಲ್ಲಬೇಕು, ಬೇರೆ ದಾರಿ ಇಲ್ಲ. ವಾಸನೆಯ ದೂರು ಜಾಸ್ತಿ ಬರುವುದು ಇದರ ಮೇಲೆಯೇ. ನಮ್ಮದೂ ಇದೇ ಜಾತಿ.

ರಬ್ಬರ್ ತಳದ್ದು ಮೂರನೆಯದು. ಹಳೆಯದಾದರೆ ಉಗುರಿನಲ್ಲಿ ಗೀರಿದರೆ ಪುಡಿ ಉದುರುತ್ತದೆ. ನೀರಿನ ವಿಷಯದಲ್ಲಿ ಇದು ಪಿವಿಸಿಯ ಹಾಗೇ, ಬಿಸಿಲಿನ ವಿಷಯದಲ್ಲಿ ಇನ್ನೂ ಸೂಕ್ಷ್ಮ.

ಹೊಸ ಮ್ಯಾಟಿಗೆ ಒಣಹುಲ್ಲು, ಎಣ್ಣೆ, ಪ್ಲಾಸ್ಟಿಕ್ ಎಲ್ಲ ಸೇರಿದ ಒಂದು ವಾಸನೆ ಇರುತ್ತದೆ. ಅದು ದೋಷ ಅಲ್ಲ, ಕೆಲವು ವಾರ ಗಾಳಿಗೆ ಇಟ್ಟರೆ ಹೋಗುತ್ತದೆ. ಮೂಗಿಗೆ ಚುಚ್ಚುವ, ಕಣ್ಣು ಉರಿಸುವಂಥ ವಾಸನೆಯಾದರೆ ಬೆಕ್ಕೋ ನಾಯಿಯೋ ಕಾಲೆತ್ತಿದೆ ಅಂತ ಅರ್ಥ. ಅದರ ಕಥೆ ಬೇರೆ. ಇಲ್ಲಿ ಹೇಳುತ್ತಿರುವುದು ಹಳೇ ಗೋಣಿಚೀಲ, ಮುಚ್ಚಿಟ್ಟ ಅಟ್ಟದ ಥರದ ಮುಗ್ಗಲು ವಾಸನೆಯ ಬಗ್ಗೆ ಮಾತ್ರ.

ವಾಸನೆ ಮ್ಯಾಟಿನದ್ದೇನಾ?

ಇದನ್ನು ಕೇಳಿಕೊಳ್ಳದೆ ಇರುವುದರಿಂದಲೇ ಎಷ್ಟೋ ಮ್ಯಾಟುಗಳು ಸುಮ್ಮಸುಮ್ಮನೆ ಕಸಕ್ಕೆ ಹೋಗುತ್ತವೆ. ಬಾಗಿಲ ಹತ್ತಿರ ಮ್ಯಾಟು ಒಂದೇ ಇರುವುದಿಲ್ಲವಲ್ಲ. ಚಪ್ಪಲಿ ಗೂಡು ಇರುತ್ತದೆ, ಒದ್ದೆ ಕೊಡೆ ಇರುತ್ತದೆ, ಮರದ ಹೊಸ್ತಿಲು ಇರುತ್ತದೆ. ಮಳೆಗಾಲದಲ್ಲಿ ಇವೆಲ್ಲ ಒಟ್ಟಿಗೇ ವಾಸನೆ ಹಿಡಿಯುತ್ತವೆ.

ಪರೀಕ್ಷೆ ಸುಲಭ. ರಾತ್ರಿ ಮಲಗುವ ಮೊದಲು ಮ್ಯಾಟನ್ನು ಒಂದು ದೊಡ್ಡ ಕಸದ ಚೀಲದೊಳಗೆ ಹಾಕಿ, ಬಾಯಿ ಬಿಗಿಯಾಗಿ ಕಟ್ಟಿ ಬೇರೆ ಕೋಣೆಯಲ್ಲಿಡಿ. ಬೆಳಿಗ್ಗೆ ಎದ್ದ ಕೂಡಲೆ, ಕಾಫಿ ಕುಡಿಯುವ ಮೊದಲೇ, ಬಾಗಿಲ ಹತ್ತಿರ ಹೋಗಿ ಮೂಸಿ. ಆಮೇಲೆ ಚೀಲ ಬಿಚ್ಚಿ ಮೂಸಿ. ಚೀಲದಿಂದ ಗಪ್ಪನೆ ಹೊಡೆದರೆ ಕಳ್ಳ ಸಿಕ್ಕ ಹಾಗೆ. ಚೀಲದಲ್ಲಿ ಬರೀ ನಾರಿನ ವಾಸನೆ, ಬಾಗಿಲಲ್ಲಿ ಮಾತ್ರ ಮುಗ್ಗಲು ಇದ್ದರೆ ಚಪ್ಪಲಿ ಗೂಡಿನ ಕೆಳಗೆ ಕೈ ಹಾಕಿ. ನಮ್ಮ ಅತ್ತಿಗೆಯ ಮನೆಯಲ್ಲಿ ಹೀಗೆ ನೋಡಿದಾಗ ಗೂಡಿನ ಹಿಂದೆ ಬಿದ್ದಿದ್ದ ಒದ್ದೆ ಸಾಕ್ಸು ಸಿಕ್ಕಿತು. ಪಾಪ, ಮ್ಯಾಟು ಮಾತ್ರ ಮೂರು ಸಲ ಸ್ನಾನ ಮಾಡಿತ್ತು.

ನಮ್ಮಲ್ಲಿ ಎರಡೂ ಕಡೆ ವಾಸನೆ ಇತ್ತು. ಚೀಲದಲ್ಲಿ ಜೋರಾಗಿ, ನೆಲದಲ್ಲಿ ತೆಳುವಾಗಿ. ಇದು ಮುಖ್ಯ ಸುಳಿವು. ಮ್ಯಾಟು ಮತ್ತು ನೆಲದ ನಡುವೆ ಏನೋ ನಡೆಯುತ್ತಿತ್ತು.

ನೀರು ಬಂದ ದಾರಿ

ಮ್ಯಾಟು ಎತ್ತಿದ ಜಾಗದಲ್ಲಿ ನೆಲ ಏನು ಹೇಳುತ್ತದೆ ಅಂತ ನೋಡಿ. ನಮ್ಮ ಜಗಲಿಗೆ ಕೆಂಪು ಗಾರೆ ನೆಲ. ಅದರ ಮೇಲೆ ಮ್ಯಾಟಿನ ಅಳತೆಗೆ ಸರಿಯಾಗಿ ಒಂದು ಕಪ್ಪು ಚೌಕ ಬಿದ್ದಿತ್ತು. ಚೌಕದ ಅಂಚು ಒಣಗಿತ್ತು, ನಡುವೆ ಬೆರಳಿಟ್ಟರೆ ತಣ್ಣಗೆ, ಅಂಟಂಟು. ಪಿವಿಸಿ ತಳದ ಮೇಲೆ ಅಲ್ಲಲ್ಲಿ ಬೂದುಬಿಳಿ ಚುಕ್ಕೆ.

ಆ ಬಿಳಿ ಚುಕ್ಕೆ ಬೂಷ್ಟೇನಾ, ಅಥವಾ ಸಿಮೆಂಟಿನಿಂದ ಮೇಲೆ ಬಂದ ಉಪ್ಪಾ ಅನ್ನುವುದನ್ನೂ ನೋಡಬೇಕು. ಒಂದು ತೊಟ್ಟು ನೀರು ಬಿಟ್ಟು ಬೆರಳಲ್ಲಿ ತಿಕ್ಕಿ. ಉಪ್ಪಾದರೆ ಕರಗಿ ಕಾಣೆಯಾಗುತ್ತದೆ. ಬೂಷ್ಟಾದರೆ ಕರಗುವುದಿಲ್ಲ, ಲೋಳೆಲೋಳೆಯಾಗಿ ಎದ್ದು ಬರುತ್ತದೆ. ನಮ್ಮದು ಲೋಳೆ.

ಇನ್ನು ನೆಲಕ್ಕೆ ಆ ತೇವ ಎಲ್ಲಿಂದ ಬಂತು? ನನಗೆ ಮೊದಲು ಅನುಮಾನ ಬಂದದ್ದು ಎರಚಲಿನ ಮೇಲೆ. ಪಡುವಣ ಗಾಳಿ ಜೋರಾದಾಗ ಮಳೆ ಜಗಲಿ ತನಕ ಹೊಡೆಯುತ್ತದೆ. ಆದರೆ ಎರಚಲಾದರೆ ಮ್ಯಾಟಿನ ಹೊರಗಿನ ಅಂಚು ಜಾಸ್ತಿ ಒದ್ದೆ ಇರಬೇಕು, ಒಳಗಿನ ಅಂಚು ಕಮ್ಮಿ. ನಾಲ್ಕು ಮೂಲೆಯಲ್ಲೂ ಬೆರಳನ್ನು ನಾರಿನ ಬುಡದ ತನಕ ಇಳಿಸಿ ನೋಡಿದೆ. ನಮ್ಮದರಲ್ಲಿ ಹೊಸ್ತಿಲ ಕಡೆಯ ಅಂಚೇ ಜಾಸ್ತಿ ಒದ್ದೆ! ಎರಚಲಿನ ಕೇಸು ಅಲ್ಲಿಗೆ ಬಿದ್ದುಹೋಯಿತು.

ಎರಡನೇ ಅನುಮಾನ ನೆಲದ ಮೇಲೆ. ಹಳೇ ಮನೆಗಳಲ್ಲಿ ನೆಲವೇ ಕೆಳಗಿಂದ ತೇವ ಎಳೆಯುತ್ತದೆ. ಇದನ್ನು ನೋಡಲು ಮ್ಯಾಟಿನ ಜಾಗವನ್ನು ಒರೆಸಿ ಒಣಗಿಸಿ, ಒಂದೂವರೆ ಅಡಿ ಚದರದ ದಪ್ಪ ಪಾಲಿಥಿನ್ ಹಾಳೆ ಹಾಸಿ, ನಾಲ್ಕೂ ಅಂಚಿಗೆ ಅಗಲದ ಟೇಪು ಹಚ್ಚಿ ಒಂದು ದಿನ ಬಿಡಿ. ಹಾಳೆಯ ಕೆಳಗಡೆ ಹನಿ ಕಟ್ಟಿದರೆ ಅಥವಾ ನೆಲ ಕಪ್ಪಾದರೆ ತೇವ ಕೆಳಗಿಂದ ಬರುತ್ತಿದೆ. ಆಗ ಮ್ಯಾಟನ್ನು ಎಷ್ಟು ತೊಳೆದರೂ ಪ್ರಯೋಜನ ಇಲ್ಲ, ನೆಲ ಮುಟ್ಟದ ಹಾಗೆ ಎತ್ತರಿಸಿ ಇಡುವುದೊಂದೇ ದಾರಿ. ನಮ್ಮ ಹಾಳೆಯ ಕೆಳಗೆ ಏನೂ ಇರಲಿಲ್ಲ.

ಉತ್ತರ ಸಿಕ್ಕಿದ್ದು ಮಾರನೇ ದಿನ ಬೆಳಿಗ್ಗೆ ಆರೂವರೆಗೆ, ಸುಮ್ನೆ ಜಗಲಿಯಲ್ಲಿ ಕೂತಿದ್ದಾಗ. ಅಮ್ಮ ಬಂದರು. ಮ್ಯಾಟನ್ನು ಪಕ್ಕಕ್ಕೆ ಸರಿಸಿದರು. ಒಂದು ಚೊಂಬು ನೀರು ಹಾಕಿ ಹೊಸ್ತಿಲು ತೊಳೆದರು, ಕೈಯಲ್ಲೇ ನೀರು ಆಚೆಗೆ ದೂಡಿದರು, ರಂಗೋಲಿ ಎಳೆ ಹಾಕಿದರು, ಮ್ಯಾಟನ್ನು ಎಳೆದು ಮತ್ತೆ ಜಾಗಕ್ಕೆ ಹಾಕಿ ಒಳಗೆ ಹೋದರು. ಎಲ್ಲ ಸೇರಿ ಐದು ನಿಮಿಷ. ನೆಲ ಇನ್ನೂ ಹೊಳೆಯುತ್ತಿತ್ತು.

ಬೇಸಿಗೆಯಲ್ಲಿ ಇದರಿಂದ ಏನೂ ಆಗುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಮ್ಯಾಟಿನ ಕೆಳಗೂ ಒಣಗಿರುತ್ತದೆ. ಜುಲೈನಲ್ಲಿ ಹಾಗಲ್ಲ. ಪಿವಿಸಿ ತಳ ಒದ್ದೆ ನೆಲಕ್ಕೆ ಮುಚ್ಚಳದ ಹಾಗೆ ಕೂತುಬಿಡುತ್ತದೆ. ಅಂಚಿನಿಂದ ನೀರು ನಾರಿಗೆ ಏರುತ್ತದೆ. ಸಂಜೆ ತನಕ ಆ ನೀರು ಹೋಗುವುದಿಲ್ಲ, ಬೆಳಿಗ್ಗೆ ಇನ್ನೊಂದು ಚೊಂಬು ಬರುತ್ತದೆ. ಫ್ಲ್ಯಾಟುಗಳಲ್ಲಿ ರಂಗೋಲಿಯ ನೀರು ಇರದಿದ್ದರೂ ಇದೇ ಕೆಲಸವನ್ನು ಮಾಪು ಮಾಡುತ್ತದೆ. ಒರೆಸಿದ ಕೂಡಲೆ ಮ್ಯಾಟು ವಾಪಸ್ ಹಾಕುತ್ತಾರೆ, ಅಲ್ವಾ?

ತೂಕ ಹಾಕಿ ನೋಡಿದ್ದು

ಕಾರಣ ಸಿಕ್ಕರೂ ಮ್ಯಾಟಿನಲ್ಲಿ ನಿಜವಾಗಿ ಎಷ್ಟು ನೀರಿದೆ ಅಂತ ಕೈಗೆ ಗೊತ್ತಾಗುವುದಿಲ್ಲ. ನಾರಿನ ತುದಿ ಯಾವಾಗಲೂ ಒಣಗಿದಂತೆಯೇ ಇರುತ್ತದೆ. ನನ್ನ ಅದೃಷ್ಟಕ್ಕೆ ಅದೇ ದಿನ ಕೊಂಡ ಇನ್ನೊಂದು ಮ್ಯಾಟು ಅಟ್ಟದ ಮೇಲೆ ಬಳಸದೆ ಬಿದ್ದಿತ್ತು. ಅಡುಗೆಮನೆಯ ತಕ್ಕಡಿಯ ಮೇಲೆ ಒಂದು ಡಬ್ಬಿ ಬೋರಲು ಹಾಕಿ ಎರಡನ್ನೂ ತೂಗಿದೆ. ಅಟ್ಟದ್ದು 1,500 ಗ್ರಾಂ. ಬಾಗಿಲಿನದು 1,830 ಗ್ರಾಂ.

ಆ ಹೆಚ್ಚಿನ 330 ಗ್ರಾಂನಲ್ಲಿ ಸ್ವಲ್ಪ ಮಣ್ಣು, ಉಳಿದದ್ದು ನೀರು. ಮ್ಯಾಟನ್ನು ಆಮೇಲೆ ಚೆನ್ನಾಗಿ ಬಡಿದಾಗ ಬಿದ್ದ ಮಣ್ಣನ್ನೂ ತೂಗಿದೆ, 90 ಗ್ರಾಂ ಇತ್ತು. ಅಂದರೆ ಮೇಲೆ ಕೈಯಾಡಿಸಿದರೆ ಒಣಗಿದಂತೆ ಅನ್ನಿಸುತ್ತಿದ್ದ ಮ್ಯಾಟು ಒಳಗೆ ಒಂದು ದೊಡ್ಡ ಲೋಟ ನೀರು ಇಟ್ಟುಕೊಂಡಿತ್ತು.

ನಿಮ್ಮಲ್ಲಿ ಜೋಡಿ ಮ್ಯಾಟು ಇಲ್ಲದಿದ್ದರೆ ಬೇಸಿಗೆಯಲ್ಲಿ ಒಮ್ಮೆ ತೂಗಿ ತಳದ ಮೇಲೆ ಮಾರ್ಕರಿನಲ್ಲಿ ಬರೆದಿಡಿ. ಮಳೆಗಾಲದಲ್ಲಿ ನಾರು ಗಾಳಿಯಿಂದಲೇ ಸ್ವಲ್ಪ ತೇವ ಹೀರುತ್ತದೆ, ಹಾಗಾಗಿ ಬೇಸಿಗೆಯ ತೂಕಕ್ಕಿಂತ ಐವತ್ತು ಅರವತ್ತು ಗ್ರಾಂ ಜಾಸ್ತಿ ಬಂದರೆ ಗಾಬರಿ ಬೇಡ. ತಕ್ಕಡಿಯೇ ಇಲ್ಲ ಅನ್ನುವವರು ಒಂದು ಒಣ ಬಿಳಿ ಹತ್ತಿ ಬಟ್ಟೆಯನ್ನು ಮಡಚಿ ನಾರಿನ ಮೇಲಿಟ್ಟು, ಅದರ ಮೇಲೆ ಒಂದು ನಿಮಿಷ ನಿಂತುಕೊಳ್ಳಿ. ಮೈಭಾರಕ್ಕೆ ಬಟ್ಟೆ ಬುಡದ ತನಕ ಇಳಿಯುತ್ತದೆ. ತೆಗೆದು ಕೆನ್ನೆಗೆ ಒತ್ತಿ ನೋಡಿ. ತೇವವನ್ನು ಬೆರಳಿಗಿಂತ ಕೆನ್ನೆ ಬೇಗ ಹಿಡಿಯುತ್ತದೆ.

ಬಡಿಯುವುದು ಮೊದಲು, ನೀರು ಆಮೇಲೆ

ಒದ್ದೆ ಮ್ಯಾಟನ್ನು ಬಡಿದರೆ ಕೆಸರು ಇನ್ನೂ ಒಳಗೆ ಕೂರುತ್ತದೆ. ಹಾಗಾಗಿ ಮೊದಲು ಒಂದು ರಾತ್ರಿ ಫ್ಯಾನಿನ ಕೆಳಗಿಟ್ಟು ಮಣ್ಣು ಪುಡಿಯಾಗುವಷ್ಟು ಒಣಗಿಸಿ. ಆಮೇಲೆ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮ್ಯಾಟನ್ನು ನಾರು ಕೆಳಮುಖವಾಗಿ ಹಿಡಿದು ತಳದ ಕಡೆಯಿಂದ ಬಡಿಯಿರಿ. ನಾರಿನ ಕಡೆಯಿಂದ ಬಡಿಯಬೇಡಿ. ಬುಡದಲ್ಲಿರುವ ಮಣ್ಣು ತುದಿಯ ಕಡೆಗೆ ಬೀಳಬೇಕು, ಅದಕ್ಕೆ ದಾರಿ ಇರುವುದು ಆ ಕಡೆ ಮಾತ್ರ. ಬೂಷ್ಟು ಹಿಡಿದ ಮ್ಯಾಟಿನ ಧೂಳು ಒಳ್ಳೆಯದಲ್ಲ. ದಮ್ಮು ಇರುವವರು ಈ ಕೆಲಸ ಬೇರೆಯವರಿಗೆ ಬಿಡಲಿ.

ನಾನು ನೂರು ಪೆಟ್ಟು ಕೊಟ್ಟೆ. ಮೊದಲ ಇಪ್ಪತ್ತಕ್ಕೆ ಕೆಂಪು ಮಣ್ಣು, ಆಮೇಲೆ ಕಂದು ಬಣ್ಣದ ನಯವಾದ ಪುಡಿ. ಆ ಪುಡಿ ಮಣ್ಣಲ್ಲ, ಸಿಪ್ಪೆಯ ಪುಡಿ. ಹೂಕುಂಡಕ್ಕೆ ಕೋಕೋಪೀಟ್ ಅಂತ ಮಾರುವುದು ಇದನ್ನೇ. ತನ್ನ ತೂಕದ ಎಷ್ಟೋ ಪಟ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ ಅಂತಲೇ ಕುಂಡಕ್ಕೆ ಹಾಕುವುದು. ಮ್ಯಾಟಿನ ಬುಡದಲ್ಲಿ ಅದು ಇದ್ದರೆ ಏನಾಗುತ್ತೆ ಅಂತ ನೀವೇ ಯೋಚಿಸಿ. ಆದಷ್ಟೂ ಉದುರಿಸಿಬಿಡಿ.

ಎಷ್ಟೋ ಮ್ಯಾಟುಗಳಿಗೆ ಇಷ್ಟೇ ಸಾಕು. ಬಡಿದು, ಪೂರ್ತಿ ಒಣಗಿಸಿ, ಮತ್ತೊಮ್ಮೆ ಚೀಲದ ಪರೀಕ್ಷೆ ಮಾಡಿ. ವಾಸನೆ ಹೋಗಿದ್ದರೆ ನೀರು ಹಾಕುವ ಅಗತ್ಯವೇ ಇಲ್ಲ.

ಹೋಗಿಲ್ಲ ಅಂದರೆ, ಮತ್ತು ಮಾರನೇ ದಿನ ಒಣಗಿಸಲು ವ್ಯವಸ್ಥೆ ಇದೆ ಅಂತ ಖಾತ್ರಿಯಾದ ಮೇಲೆ ಮಾತ್ರ, ತೊಳೆಯಿರಿ. ಅರ್ಧ ಬಕೆಟ್ ತಣ್ಣೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಅರ್ಧ ಚಮಚ ಸಾಕು. ಅಮ್ಮ ಹಾಕಿದ್ದು ಒಂದು ಹಿಡಿ ಪುಡಿ. ಅಷ್ಟು ಸೋಪನ್ನು ನಾರಿನ ಬುಡದಿಂದ ಹೊರಡಿಸಲು ಹತ್ತು ಬಕೆಟ್ ನೀರು ಬೇಕಾಗುತ್ತದೆ, ಯಾರೂ ಅಷ್ಟು ಹಾಕುವುದಿಲ್ಲ. ಉಳಿದ ಸೋಪು ಅಂಟಂಟಾಗಿ ಮಣ್ಣು ಹಿಡಿಯುತ್ತದೆ, ತೇವವನ್ನೂ ಹಿಡಿಯುತ್ತದೆ. ಅಮ್ಮನ ಎರಡನೇ ಸ್ನಾನದ ನಂತರ ವಾಸನೆ ಬೇಗ ಬಂದದ್ದರಲ್ಲಿ ಇದರ ಪಾಲೂ ಇದೆ. ಗಟ್ಟಿ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ತಿಕ್ಕಿ, ಮ್ಯಾಟನ್ನು ಗೋಡೆಗೆ ನಿಲ್ಲಿಸಿ ಮೇಲಿಂದ ಕೆಳಕ್ಕೆ ನೀರು ಬಿಡಿ. ಮಲಗಿಸಿ ನೀರು ಹಾಕಬೇಡಿ, ನೆನೆಹಾಕಲಂತೂ ಬೇಡವೇ ಬೇಡ. ಬಿಸಿನೀರಿಗೆ ತಳ ಮೆತ್ತಗಾಗಿ ಸೊಟ್ಟಗಾಗುತ್ತದೆ.

ಇಲ್ಲೊಂದು ಮೋಸ ಇದೆ. ತೆಂಗಿನ ನಾರು ಒದ್ದೆಯಾದರೆ ಚಹಾದ ಬಣ್ಣ ಬಿಡುತ್ತದೆ, ಟ್ಯಾನಿನ್ ಅಂತ. ಹರಿಯುವ ನೀರು ಕಂದಾಗಿರುವುದನ್ನು ನೋಡಿ ಕೊಳೆ ಇನ್ನೂ ಹೋಗಿಲ್ಲ ಅಂದುಕೊಂಡು ಜನ ತೊಳೆಯುತ್ತಲೇ ಇರುತ್ತಾರೆ. ಹರಿದು ಬಂದ ನೀರನ್ನು ಒಂದು ಗಾಜಿನ ಲೋಟದಲ್ಲಿ ಹಿಡಿದು ಹತ್ತು ನಿಮಿಷ ಅಲುಗಾಡಿಸದೆ ಇಡಿ. ಕೆಳಗೆ ಗಸಿ ಕೂತರೆ ಕೊಳೆ ಇನ್ನೂ ಇದೆ. ಲೋಟದ ಆಚೆಗಿನ ಬೆರಳು ಕಾಣುವಷ್ಟು ತಿಳಿಯಾಗಿ, ಬರೀ ಹಾಲಿಲ್ಲದ ಚಹಾದ ಥರ ಇದ್ದರೆ ತೊಳೆದದ್ದು ಸಾಕು, ನಿಲ್ಲಿಸಿ. ಅದೇ ಚಹಾ ನೀರು ಬಿಳಿ ಟೈಲ್ಸು, ತಿಳಿ ಬಣ್ಣದ ಕಲ್ಲಿನ ಮೇಲೆ ನಿಂತರೆ ಕಲೆ ಮಾಡುತ್ತದೆ. ಹಾಗಾಗಿ ತೊಳೆದ ಮ್ಯಾಟನ್ನು ಅಲ್ಲಿ ಇಡಬೇಡಿ.

ತೊಳೆದ ಮೇಲೂ ಬೂಷ್ಟಿನ ಚುಕ್ಕೆ ಕಾಣುತ್ತಿದ್ದರೆ ಒಂದು ಪಾಲು ಬಿಳಿ ವಿನೆಗರ್, ಎರಡು ಪಾಲು ನೀರು ಸೇರಿಸಿ ಆ ಜಾಗಕ್ಕೆ ಮಾತ್ರ ಸ್ಪ್ರೇ ಮಾಡಿ, ಅರ್ಧ ಗಂಟೆ ಬಿಟ್ಟು ನೀರು ಬಿಡಿ. ಬ್ಲೀಚು ಹಾಕಬೇಡಿ. ಅದು ನಾರಿನ ಲಿಗ್ನಿನನ್ನೇ ತಿನ್ನುತ್ತದೆ, ಮ್ಯಾಟು ಬೆಳ್ಳಗಾಗುವ ಜೊತೆಗೆ ಪೆಡಸಾಗಿ ಮುರಿಯತೊಡಗುತ್ತದೆ. ವಿನೆಗರ್ ಹಾಕಿದ ಮೇಲೆ ಬ್ಲೀಚು ಹಾಕುವುದಂತೂ ಅಪಾಯ, ಕ್ಲೋರಿನ್ ಅನಿಲ ಏಳುತ್ತದೆ. ಫಿನಾಯಿಲ್ ಹಾಕಿದರೆ ಎರಡು ದಿನ ಮೂಗಿಗೆ ಮೋಸ ಮಾಡಬಹುದು, ಅಷ್ಟೇ. ಉಪ್ಪು ಉದುರಿಸಿ ಅಂತ ಹೇಳುವವರೂ ಇದ್ದಾರೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ಏನಾಗುತ್ತೆ ನೋಡಿದ್ದೀರಲ್ಲ? ಮ್ಯಾಟಿನೊಳಗೂ ಅದೇ ಆಗುವುದು.

ಒಣಗಿಸುವಾಗ ನಾರು ಯಾವ ಕಡೆಗೆ?

ಇಡೀ ಕೆಲಸದಲ್ಲಿ ಜನ ಎಡವುವುದು ಇಲ್ಲೇ. ತೊಳೆದ ಮ್ಯಾಟನ್ನು ಜಗಲಿ ಕಟ್ಟೆಯ ಮೇಲೋ ತಾರಸಿಯಲ್ಲೋ ನಾರು ಮೇಲೆ ಮಾಡಿ ಹಾಸಿಬಿಡುತ್ತಾರೆ. ಬಾಗಿಲಲ್ಲಿ ಹಾಗೇ ಇರುತ್ತಲ್ಲ, ಕೈ ತಾನಾಗಿ ಹಾಗೇ ಹಾಕುತ್ತದೆ. ಆದರೆ ಪಿವಿಸಿ ತಳದ ಮ್ಯಾಟಿನಲ್ಲಿ ನೀರು ಇಳಿಯುವುದು ಬುಡಕ್ಕೆ, ಬುಡದ ಕೆಳಗೆ ದಾರಿ ಬಂದ್. ಮೇಲಿನ ತುದಿ ಎರಡು ಗಂಟೆಯಲ್ಲಿ ಒಣಗುತ್ತದೆ, ಮುಟ್ಟಿದವರು ಆಯ್ತು ಅಂದುಕೊಳ್ಳುತ್ತಾರೆ, ಬುಡ ಎರಡು ದಿನ ಒದ್ದೆಯೇ. ಒದ್ದೆ ವಸ್ತುವಿನ ಮೇಲೆ ಬೂಷ್ಟು ಬೆಳೆಯಲು ಒಂದೆರಡು ದಿನ ಸಾಕು. ನಮ್ಮಲ್ಲಿ ಎರಡು ಸಲವೂ ಆದದ್ದು ಇದೇ.

ನಾರು ಕೆಳಮುಖವಾಗಿರಬೇಕು. ಮೊದಲು ಮ್ಯಾಟನ್ನು ಉದ್ದಕ್ಕೆ ನಿಲ್ಲಿಸಿ ಒಂದು ಗಂಟೆ ನೀರು ಸೋರಲು ಬಿಡಿ. ಆಮೇಲೆ ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಸರಳುಗಳ ಮೇಲೆ ನಾರು ಕೆಳಗೆ ಮಾಡಿ ಮಲಗಿಸಿ. ನೀರು ಬುಡದಿಂದ ತುದಿಗೆ ಇಳಿಯುತ್ತದೆ, ತುದಿಯಲ್ಲಿ ಗಾಳಿ ಇರುತ್ತದೆ. ಸ್ಟ್ಯಾಂಡಿನ ಪಕ್ಕ ನೆಲದ ಮೇಲೆ ಒಂದು ಟೇಬಲ್ ಫ್ಯಾನು ಇಟ್ಟು ಓರೆಯಾಗಿ ಮೇಲಕ್ಕೆ ಬೀಸುವ ಹಾಗೆ ಮಾಡಿ. ಫ್ಯಾನಿನ ಮೇಲೆ ನೀರು ತೊಟ್ಟಿಕ್ಕದಿರಲಿ, ಅದನ್ನು ಎರಡಡಿ ಆಚೆ ಇಡಿ. ಕಿಟಕಿ ತೆರೆದಿರಲಿ. ಮುಚ್ಚಿದ ಕೋಣೆಯಲ್ಲಿ ಅದೇ ಒದ್ದೆ ಗಾಳಿ ಸುತ್ತುತ್ತಿರುತ್ತದೆ. ನೇಯ್ದ ಮ್ಯಾಟಿಗೆ ಇಷ್ಟು ಉಪಚಾರ ಬೇಡ, ಗಟ್ಟಿ ಹಗ್ಗದ ಮೇಲೆ ನೇತುಹಾಕಿದರೆ ಎರಡೂ ಕಡೆ ಒಣಗುತ್ತದೆ. ಪಿವಿಸಿಯದನ್ನು ಹಗ್ಗದ ಮೇಲೆ ಮಡಚಿದರೆ ತಳ ಬಿರುಕು ಬಿಡಬಹುದು.

ನಮ್ಮ ಲೆಕ್ಕ ಹೀಗಿತ್ತು. ಬೆಳಿಗ್ಗೆ ಹತ್ತಕ್ಕೆ ತೊಳೆದು ಎತ್ತಿದಾಗ 2,640 ಗ್ರಾಂ. ನಿಲ್ಲಿಸಿ ಸೋರಿಸಿದ ಮೇಲೆ, ಹನ್ನೊಂದಕ್ಕೆ, 2,150. ಬರೀ ನಿಲ್ಲಿಸಿದ್ದಕ್ಕೇ ಅರ್ಧ ಲೀಟರ್ ಹತ್ತಿರ ಹೋಯಿತು! ಫ್ಯಾನು ಹಾಕಿ ಸಂಜೆ ಆರಕ್ಕೆ ನೋಡಿದರೆ 1,760. ಈ ಹೊತ್ತಿಗೆ ತುದಿ ಪೂರ್ತಿ ಒಣಗಿತ್ತು. ತಕ್ಕಡಿ ಇಲ್ಲದಿದ್ದರೆ ನಾನೂ ಇಲ್ಲಿಗೇ ಮುಗಿಸುತ್ತಿದ್ದೆ. ರಾತ್ರಿಯೆಲ್ಲ ಫ್ಯಾನು ಓಡಿತು. ಬೆಳಿಗ್ಗೆ ಏಳಕ್ಕೆ 1,550. ಮಧ್ಯಾಹ್ನ ಒಂದಕ್ಕೆ 1,510, ಆಮೇಲೆ ಸಂಜೆಯ ತನಕ ಅಲ್ಲಿಂದ ಕದಲಲಿಲ್ಲ. ಎರಡು ತೂಕದ ನಡುವೆ ನಾಲ್ಕೈದು ಗಂಟೆ ಕಳೆದರೂ ಮುಳ್ಳು ಅಲುಗಾಡದಿದ್ದರೆ ಒಣಗಿತು ಅಂತ ಲೆಕ್ಕ. ಹೊರಗೆ ಮಾತ್ರ ಆ ಎರಡೂ ದಿನ ಮಳೆ ಬಿಟ್ಟಿರಲಿಲ್ಲ.

ಬಿಸಿಲು ಸಿಕ್ಕರೆ ಬಿಡಬೇಡಿ. ಆದರೆ ಬಿಸಿಲಿಗೆ ಕಾಣಬೇಕಾದ್ದು ನಾರು, ತಳ ಅಲ್ಲ. ಗೋಡೆಗೆ ಒರಗಿಸಿ ನಿಲ್ಲಿಸಿ, ನಾರು ಸೂರ್ಯನ ಕಡೆಗಿರಲಿ. ಎರಡು ಮೂರು ಗಂಟೆ ಸಾಕು. ದಿನಗಟ್ಟಲೆ ಬಿಟ್ಟರೆ ಪಿವಿಸಿ ಮುದುಡುತ್ತದೆ, ರಬ್ಬರ್ ಬಿರಿಯುತ್ತದೆ, ಮೇಲಿನ ಬಣ್ಣದ ಚಿತ್ರ ಮಾಸುತ್ತದೆ.

ಮಲೆನಾಡಿನ ಮನೆಗಳಲ್ಲಿ ಇನ್ನೊಂದು ಅನುಕೂಲ ಇದೆ, ಬಚ್ಚಲ ಒಲೆ. ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಅದರ ಮೇಲೆ. ಮ್ಯಾಟನ್ನೂ ಅಲ್ಲೇ ಇಡಲು ಮನಸ್ಸಾಗುತ್ತದೆ. ನೇಯ್ದದ್ದಾದರೆ ದೂರದಲ್ಲಿ, ಕಿಡಿ ಹಾರದ ಕಡೆ ಇಡಬಹುದು. ಹೊಗೆ ವಾಸನೆ ಬರುತ್ತೆ, ಅದು ಮುಗ್ಗಲಿಗಿಂತ ವಾಸಿ. ಪಿವಿಸಿ, ರಬ್ಬರ್ ತಳದ್ದು ಬೇಡ. ಒಣಗಿದ ತೆಂಗಿನ ನಾರು ಎಷ್ಟು ಬೇಗ ಬೆಂಕಿ ಹಿಡಿಯುತ್ತೆ ಅಂತ ಒಲೆ ಹಚ್ಚಿದವರಿಗೆ ಹೇಳಬೇಕಾಗಿಲ್ಲ.

ಕೈಬಿಡಬೇಕಾದ ಮ್ಯಾಟು

ಒಂದು ಮೂಲೆಯಲ್ಲಿ ಹತ್ತಿಪ್ಪತ್ತು ಎಳೆಯನ್ನು ಬೆರಳಲ್ಲಿ ಹಿಡಿದು ಬಗ್ಗಿಸಿ ಎಳೆಯಿರಿ. ಚೆನ್ನಾಗಿರುವ ನಾರು ಬಗ್ಗಿ ವಾಪಸ್ ನಿಲ್ಲುತ್ತದೆ. ಬುಡದಲ್ಲಿ ಟಕ್ಕನೆ ಮುರಿದರೆ, ಅಥವಾ ಪುಡಿಯಾಗಿ ಕೈಗೆ ಬಂದರೆ ನಾರಿಗೇ ಕೊಳೆ ಹತ್ತಿದೆ. ತಳ ಮತ್ತು ನಾರಿನ ನಡುವೆ ಬಿಟ್ಟುಕೊಂಡು ಒಳಗೆ ಕಪ್ಪು ಲೋಳೆ ಕಂಡರೂ ಅಷ್ಟೇ. ಸರಿಯಾಗಿ ತೊಳೆದು, ತೂಕ ನಿಲ್ಲುವ ತನಕ ಒಣಗಿಸಿದ ಮೇಲೂ ಚೀಲದ ಪರೀಕ್ಷೆಯಲ್ಲಿ ವಾಸನೆ ಹೊಡೆದರೆ ಇನ್ನೊಮ್ಮೆ ಮಾಡಿ ನೋಡಿ. ಎರಡನೇ ಸಲವೂ ಹೋಗದಿದ್ದರೆ ಅದರ ಹಿಂದೆ ಬೀಳಬೇಡಿ. ಪೂರ್ತಿ ನಾರಿನದಾದರೆ ಬಣ್ಣ ಹಾಕದ್ದನ್ನು ಕತ್ತರಿಸಿ ಗಿಡದ ಬುಡಕ್ಕೆ ಹಾಸಬಹುದು. ಪಿವಿಸಿಯದಕ್ಕೆ ಆ ಭಾಗ್ಯವೂ ಇಲ್ಲ.

ನಮ್ಮ ಮ್ಯಾಟಿನ ನಾರು ಬಗ್ಗಿ ನಿಂತಿತು. ಚೀಲದ ಪರೀಕ್ಷೆಯಲ್ಲೂ ಪಾಸಾಯಿತು. ಆದರೆ ಹೊಸ್ತಿಲಿಗೆ ನೀರು ಹಾಕಬೇಡಿ ಅಂತ ಅಮ್ಮನಿಗೆ ಹೇಳುವ ಧೈರ್ಯ ನನಗಿಲ್ಲ, ಹೇಳಿದರೆ ಅವರು ಕೇಳುವುದೂ ಇಲ್ಲ. ಹಾಗಾಗಿ ಮ್ಯಾಟಿನ ಕೆಳಗೆ ಬಚ್ಚಲುಮನೆಯಲ್ಲಿ ಹಾಸುವಂಥ ತೂತಿನ ಪ್ಲಾಸ್ಟಿಕ್ ಜಾಲರಿಯನ್ನು ಮ್ಯಾಟಿಗಿಂತ ಒಂದಿಂಚು ಚಿಕ್ಕದಾಗಿ ಕತ್ತರಿಸಿ ಹಾಕಿದೆ. ಅರ್ಧ ಇಂಚು ಎತ್ತರ ಸಿಕ್ಕಿತು, ನೀರು ಕೆಳಗೆ ಹರಿದು ಹೋಗುತ್ತದೆ, ಗಾಳಿಯೂ ಆಡುತ್ತದೆ. ಅಟ್ಟದ ಮ್ಯಾಟನ್ನೂ ಇಳಿಸಿದೆ. ಒಂದು ಬಾಗಿಲಲ್ಲಿದ್ದರೆ ಇನ್ನೊಂದು ಒಳಗೆ ಗೋಡೆಗೆ ಒರಗಿ ನಿಂತಿರುತ್ತದೆ, ಭಾನುವಾರಕ್ಕೊಮ್ಮೆ ಅದಲುಬದಲು.

ಅಮ್ಮ ಈಗಲೂ ಆರೂವರೆಗೆ ನೀರು ಹಾಕುತ್ತಾರೆ. ಒಂದೇ ಬದಲಾವಣೆ ಅಂದರೆ ಮ್ಯಾಟನ್ನು ಗೋಡೆಗೆ ಒರಗಿಸಿ ಒಳಗೆ ಹೋಗುತ್ತಾರೆ, ತಿಂಡಿ ಆದ ಮೇಲೆ ಬಂದು ಹಾಕುತ್ತಾರೆ. ಸೆಪ್ಟೆಂಬರ್ ಮೊದಲ ವಾರ ತೂಗಿದಾಗ 1,540 ಗ್ರಾಂ ಇತ್ತು. ಅದರಲ್ಲಿ ಎಷ್ಟು ಮಣ್ಣು, ಎಷ್ಟು ನೀರು ಅಂತ ಬಡಿದು ನೋಡಲು ಹೊರಟೆ. "ಮೊದಲು ಆ ತಕ್ಕಡಿ ತೊಳೆದು ಅಡುಗೆಮನೆಗೆ ಇಡು" ಅಂದರು.